ಮೂಲೆಯಿಲ್ಲದ ಅಲೆಗಳಿಂದ ಮೂಲೆ ಕಟ್ಟಬಹುದೇ?

ಕರೆಂಟು ಹೋದಾಗ ಅಗ್ಗದ ಇನ್ವರ್ಟರಿನ ಮೇಲೆ ಓಡುವ ಫ್ಯಾನು ಗುಂಯ್ ಎನ್ನುವುದು ಎಷ್ಟೋ ಮನೆಗಳಲ್ಲಿ ಕೇಳಿದ ಸದ್ದೇ. ಅಂಗಡಿಯವರ ವಿವರಣೆ ಚುಟುಕಾದದ್ದು: ಇದು ಸ್ಕ್ವೇರ್ ವೇವ್, ಅದು ಸೈನ್ ವೇವ್, ಸೈನ್ ವೇವಿಗೆ ಬೆಲೆ ಜಾಸ್ತಿ. ಲೈನಿನಲ್ಲಿ ಬರುವ ವಿದ್ಯುತ್ತು ಸೆಕೆಂಡಿಗೆ 50 ಬಾರಿ ನಯವಾಗಿ ಏರಿ ಇಳಿಯುತ್ತದೆ. ಸರಳವಾದ ಚೌಕ ಅಲೆಯ ಇನ್ವರ್ಟರಿಗೆ ಅಷ್ಟು ತಾಳ್ಮೆಯಿಲ್ಲ. ಹತ್ತು ಮಿಲಿಸೆಕೆಂಡು ವೋಲ್ಟೇಜನ್ನು ಧನದಲ್ಲಿ ನಿಲ್ಲಿಸುತ್ತದೆ, ಆಮೇಲೆ ಥಟ್ಟನೆ ತಿರುಗಿಸಿ ಹತ್ತು ಮಿಲಿಸೆಕೆಂಡು ಋಣದಲ್ಲಿ ನಿಲ್ಲಿಸುತ್ತದೆ.

ಫ್ಯಾನು ಯಾಕೆ ಗುಂಯ್ ಎನ್ನುತ್ತದೆ ಎಂದು ಎಂಜಿನಿಯರನ್ನು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ಆ ಚೌಕ ಅಲೆಯೊಳಗೆ 50 ಹರ್ಟ್ಜಿನ ಜೊತೆಗೆ 150, 250, 350 ಹರ್ಟ್ಜಿನ ಸೈನ್ ಅಲೆಗಳೂ ಇವೆ, ಅವು ರೆಕ್ಕೆಯನ್ನು ತಿರುಗಿಸಲು ನೆರವಾಗುವುದಿಲ್ಲ, ಮೋಟರನ್ನು ಬಿಸಿ ಮಾಡುತ್ತವೆ, ನಡುಗಿಸುತ್ತವೆ. ಈ ಮಾತಿಗೆ ಎದುರಾಡುವವರೂ ಇದ್ದಾರೆ. ಇನ್ವರ್ಟರಿನೊಳಗೆ ಇರುವುದು ಆ ಕಡೆ ಈ ಕಡೆ ಹಾರುವ ಒಂದು ಸ್ವಿಚ್ಚು ಮಾತ್ರ, 150 ಹರ್ಟ್ಜಿನದು ಎನ್ನುವಂಥ ಯಾವ ಬಿಡಿಭಾಗವೂ ಅಲ್ಲಿಲ್ಲ. ಹಾಗಾದರೆ ಸೈನ್‌ಗಳು ಚೌಕದೊಳಗೆ ನಿಜವಾಗಿ ಇವೆಯೇ, ಇಲ್ಲಾ ಲೆಕ್ಕದ ಅನುಕೂಲಕ್ಕೆ ನಾವು ತುಂಬಿದವೇ? ಇನ್ನೂರು ವರ್ಷಗಳಿಂದ ಈ ಪ್ರಶ್ನೆಗೆ ಎರಡೂ ಕಡೆ ಗಟ್ಟಿಯಾದ ವಾದಗಳಿವೆ. ಎರಡನ್ನೂ ತೂಗಬೇಕಾದರೆ ಮೊದಲು ಒಂದು ಚೌಕವನ್ನು ಕೈಯಾರೆ ಕಟ್ಟಿ ನೋಡಬೇಕು.

ಲೆಕ್ಕ ಹಗುರಾಗಲೆಂದು ಇನ್ವರ್ಟರಿನ ಅಲೆ ಧನ 1 ವೋಲ್ಟು ಮತ್ತು ಋಣ 1 ವೋಲ್ಟಿನ ನಡುವೆ ಹಾರುತ್ತದೆ ಎಂದಿಟ್ಟುಕೊಳ್ಳೋಣ. ಸೂತ್ರ ಇಷ್ಟೇ:

f(x) = (4/π) · ( sin x + (1/3) sin 3x + (1/5) sin 5x + … )

ಒಂದು, ಮೂರು, ಐದು, ಏಳು ಪಟ್ಟು ಆವರ್ತನದ ಸೈನ್‌ಗಳು. ಎಷ್ಟು ಪಟ್ಟು ಆವರ್ತನವೋ ಎತ್ತರ ಅಷ್ಟು ಪಾಲು ಕಡಿಮೆ. ಸರಿ ಸಂಖ್ಯೆಗಳು ಬರುವುದಿಲ್ಲ, ಏಕೆಂದರೆ ಚೌಕದ ದ್ವಿತೀಯಾರ್ಧವು ಮೊದಲರ್ಧವನ್ನೇ ತಲೆಕೆಳಗು ಮಾಡಿದಂತಿದೆ. ಎರಡು ಪಟ್ಟು, ನಾಲ್ಕು ಪಟ್ಟು ಆವರ್ತನದ ಅಲೆಗಳು ಎರಡೂ ಅರ್ಧಗಳಲ್ಲಿ ಒಂದೇ ರೀತಿ ಇರುತ್ತವೆಯಾದ್ದರಿಂದ ಅವಕ್ಕೆ ಇಲ್ಲಿ ಜಾಗವಿಲ್ಲ.

ಮೊದಲ ಸೈನ್ ಒಂದನ್ನೇ ತೆಗೆದುಕೊಂಡರೆ ಅದರ ನೆತ್ತಿ 1.273 ವೋಲ್ಟು. ಚಪ್ಪಟೆಯಾಗಿ 1ರಲ್ಲಿ ಇರಬೇಕಾದಲ್ಲಿ ಗುಡ್ಡ ಎದ್ದಿದೆ. ಮೂರನೆಯ ಹಾರ್ಮೋನಿಕ್ ಸೇರಿಸಿದರೆ ಗುಡ್ಡದ ನಡುವೆ ತಗ್ಗು ಬಿದ್ದು ಮಧ್ಯದ ಬೆಲೆ 0.849ಕ್ಕೆ ಇಳಿಯುತ್ತದೆ. ಐದನೆಯದು ಬಂದಾಗ 1.103ಕ್ಕೆ ಏರುತ್ತದೆ, ಏಳನೆಯದು ಬಂದಾಗ 0.922. ಹೀಗೆ ಮೇಲೆ ಕೆಳಗೆ ತೂಗುತ್ತಾ ಮಧ್ಯದ ಬಿಂದು 1ರ ಹತ್ತಿರ ಬರುತ್ತದೆ. ಆ ಬಿಂದುವಿನಲ್ಲಿ ನಾವು ಕೂಡಿಸುತ್ತಿರುವುದು 1 − 1/3 + 1/5 − 1/7 ಎಂಬ ಶ್ರೇಢಿಯನ್ನೇ. ಅದರ ಮೊತ್ತ π/4 ಎಂದು ಕಂಡುಕೊಂಡ ಹಿರಿಮೆ 14ನೇ ಶತಮಾನದ ಕೇರಳದ ಮಾಧವನಿಗೆ ಸಲ್ಲುತ್ತದೆ. ಅದರ ಉಪಪತ್ತಿ ಜ್ಯೇಷ್ಠದೇವನ ಮಲಯಾಳ ಗ್ರಂಥ ‘ಯುಕ್ತಿಭಾಷಾ’ದಲ್ಲಿದೆ. ಮಾಧವನಿಗೆ ಚೌಕ ಅಲೆಯ ಗೊಡವೆ ಇರಲಿಲ್ಲ, ನಿಜ. ಆದರೆ ಚೌಕದ ಚಪ್ಪಟೆ ಭಾಗದ ನಟ್ಟನಡುವೆ ನಮ್ಮ ಸೈನ್‌ಗಳ ಸರಣಿ ಸರಿಯಾದ ಬೆಲೆಗೆ ಬರುತ್ತದೆ ಎನ್ನುವುದೂ ಮಾಧವನ ಶ್ರೇಢಿಯೂ ಒಂದೇ ಸಂಗತಿ.

ಇನ್ನು ಎದುರು ವಾದ. 1807ರ ಡಿಸೆಂಬರಿನಲ್ಲಿ ಜೋಸೆಫ್ ಫೂರಿಯೆ ಪ್ಯಾರಿಸ್ಸಿನ ವಿದ್ವತ್ಸಭೆಗೆ ಶಾಖದ ಹರಿವಿನ ಬಗ್ಗೆ ಪ್ರಬಂಧವೊಂದನ್ನು ಸಲ್ಲಿಸಿದ. ಪರಿಶೀಲಿಸಲು ಕೂತವರು ಲಗ್ರಾಂಜ್, ಲಾಪ್ಲಾಸ್, ಮೋಂಜ್ ಮತ್ತು ಲಕ್ರುವಾ. ಮುರಿದ, ಮೂಲೆಯುಳ್ಳ ರೇಖೆಗಳನ್ನೂ ಸೈನ್ ಕೊಸೈನ್‌ಗಳ ಮೊತ್ತವಾಗಿ ಬರೆಯಬಹುದು ಎನ್ನುವುದನ್ನು ಲಗ್ರಾಂಜ್ ಒಪ್ಪಲಿಲ್ಲ, ಪ್ರಬಂಧ ಆಗ ಅಚ್ಚಾಗಲಿಲ್ಲ. ಅದೇ ವಿಷಯಕ್ಕೆ ಮುಂದೆ ಬಹುಮಾನ ಕೊಟ್ಟಾಗಲೂ ತೀರ್ಪುಗಾರರು ನಿಷ್ಕೃಷ್ಟತೆ ಸಾಲದು ಎಂಬ ಷರಾ ಸೇರಿಸಿದರು. 1822ರಲ್ಲಿ ಪುಸ್ತಕ ಹೊರಬಂದಾಗ ಅದರಲ್ಲಿದ್ದ ಮೊದಮೊದಲ ಉದಾಹರಣೆಗಳಲ್ಲಿ ನಮ್ಮ ಚೌಕವೂ ಇತ್ತು, ಸೈನ್ ಬದಲು ಕೊಸೈನ್ ವೇಷದಲ್ಲಿ.

ಲಗ್ರಾಂಜನನ್ನು ಹಟಮಾರಿ ಮುದುಕನಂತೆ ಚಿತ್ರಿಸುವ ರೂಢಿಯಿದೆ. ಅದು ಅನ್ಯಾಯ ಎಂದೇ ನನ್ನ ಅನಿಸಿಕೆ. ಪ್ರತಿ ಸೈನೂ ನಯವಾದದ್ದು, ಎಲ್ಲೂ ಮುರಿಯುವುದಿಲ್ಲ. ನಯವಾದ ಹತ್ತನ್ನು ಕೂಡಿಸಿದರೂ ಸಾವಿರ ಕೂಡಿಸಿದರೂ ಸಿಗುವುದು ನಯವಾದದ್ದೇ. ಮೂಲೆ ಎಂಬುದು ಯಾವ ಹಂತದಲ್ಲಿ ಹುಟ್ಟಬೇಕು? ‘ಅನಂತದಲ್ಲಿ’ ಎನ್ನುವುದು ಆ ಕಾಲದ ಗಣಿತದಲ್ಲಿ ಉತ್ತರವಾಗಿರಲಿಲ್ಲ, ಕೈತೊಳೆದುಕೊಳ್ಳುವ ಮಾತಾಗಿತ್ತು. ಅಂಥ ಮೊತ್ತ ಯಾವ ಷರತ್ತಿನಲ್ಲಿ ಒಮ್ಮುಖವಾಗುತ್ತದೆ ಎಂದು ಡಿರಿಕ್ಲೆ ಸಾಧಿಸಿ ತೋರಿಸಿದ್ದು 1829ರಲ್ಲಿ. ನಮ್ಮ ಚೌಕಕ್ಕೆ ಅದು ಹೇಳುವುದಿಷ್ಟು: ಜಿಗಿತದ ಕ್ಷಣವನ್ನು ಬಿಟ್ಟು ಬೇರೆ ಯಾವ ಕ್ಷಣವನ್ನು ಆರಿಸಿದರೂ, ಪದಗಳು ಹೆಚ್ಚಿದಂತೆ ಮೊತ್ತ ಅಲ್ಲಿಯ ಸರಿ ಬೆಲೆಗೆ ಬರುತ್ತದೆ. ಜಿಗಿತದ ಕ್ಷಣದಲ್ಲಿ ಮಾತ್ರ ಎರಡರ ನಡುವಿನ 0.

ಪ್ರಕರಣ ಇಲ್ಲಿಗೆ ಮುಗಿಯಿತು ಎನ್ನುವಂತಿಲ್ಲ. ಮೂಲೆಯ ಬಳಿ ಹೋಗಿ ನೋಡಿದರೆ ಲಗ್ರಾಂಜನ ಅನುಮಾನ ಬೇರೆ ರೂಪದಲ್ಲಿ ಎದುರಾಗುತ್ತದೆ. ಮೂರು ಪದಗಳ ಮೊತ್ತದಲ್ಲಿ ಜಿಗಿತದಿಂದ 30 ಡಿಗ್ರಿ ಆಚೆಗೆ, ಅಂದರೆ 1.67 ಮಿಲಿಸೆಕೆಂಡು ಕಳೆದಾಗ, ಒಂದು ಗೂನು ಏಳುತ್ತದೆ. ಅಲ್ಲಿಯ ಲೆಕ್ಕ ಬಾಯಲ್ಲೇ ಮಾಡಬಹುದಾದದ್ದು: ಮೊದಲ ಸೈನ್ 0.5, ಮೂರನೆಯದು 1ರ ಮೂರನೇ ಒಂದು, ಐದನೆಯದು 0.5ರ ಐದನೇ ಒಂದು. ಒಟ್ಟು 0.933, ಅದನ್ನು 4/π ಯಿಂದ ಗುಣಿಸಿದರೆ 1.188. ಇರಬೇಕಾದದ್ದು 1. ಪದಗಳನ್ನು ಹತ್ತಕ್ಕೆ ಏರಿಸಿದರೆ ಗೂನು ಮೂಲೆಗೆ ಅರ್ಧ ಮಿಲಿಸೆಕೆಂಡಿನಷ್ಟು ಹತ್ತಿರಕ್ಕೆ ಸರಿಯುತ್ತದೆ, ಎತ್ತರ ಮಾತ್ರ 1.180. ಐವತ್ತು ಪದಗಳಾದರೆ 0.1 ಮಿಲಿಸೆಕೆಂಡಿನ ದೂರ, ಎತ್ತರ 1.179. ಅಲ್ಲಿಂದ ಮುಂದೆ ಎತ್ತರ ಹೆಚ್ಚುಕಡಿಮೆ ಅಲುಗುವುದೇ ಇಲ್ಲ. ಗೂನು ಕಿರಿದಾಗುತ್ತದೆ, ಕುಳ್ಳಾಗುವುದಿಲ್ಲ. ಜಿಗಿತದ ಒಟ್ಟು ಎತ್ತರ 2 ವೋಲ್ಟು. ಅದರ ಸುಮಾರು ಶೇಕಡಾ 9ರಷ್ಟು ಹೆಚ್ಚುವರಿ ಏರಿಕೆ ಎಷ್ಟು ಪದ ಕೂಡಿಸಿದರೂ ಉಳಿಯುತ್ತದೆ.

ಇದನ್ನು ಮೊದಲು ಕಂಡು ಬರೆದವನು ಹೆನ್ರಿ ವಿಲ್ಬ್ರಹಾಂ ಎಂಬ ಇಂಗ್ಲಿಷ್ ತರುಣ, 1848ರಲ್ಲಿ. ಯಾರೂ ಗಮನಿಸಲಿಲ್ಲ. ಐವತ್ತು ವರ್ಷಗಳ ಮೇಲೆ, ಬೆಳಕಿನ ವೇಗದ ಅಳತೆಗೆ ಹೆಸರಾದ ಆಲ್ಬರ್ಟ್ ಮೈಕೆಲ್ಸನ್, ಸ್ಟ್ರ್ಯಾಟನ್ ಜೊತೆಗೂಡಿ 80 ಹಾರ್ಮೋನಿಕ್‌ಗಳನ್ನು ಕೂಡಿಸುವ ಯಂತ್ರ ಕಟ್ಟಿದ. 1898ರ ಅಕ್ಟೋಬರಿನಲ್ಲಿ ‘ನೇಚರ್’ ಪತ್ರಿಕೆಗೆ ಆತ ಪತ್ರ ಬರೆದ: ಜಿಗಿತದಲ್ಲಿ ಮೊತ್ತ ಒಂದೇ ಬಿಂದುವಿಗೆ ಬರುತ್ತದೆಂಬ ಗಣಿತಜ್ಞರ ಮಾತನ್ನು ತಾನು ಒಪ್ಪಲಾರೆ, ಅಲ್ಲಿ ಲಂಬ ರೇಖೆಯೇ ಇರಬೇಕು ಎಂಬ ತಕರಾರು. ಕೆಲವೇ ದಿನಗಳಲ್ಲಿ ಲವ್ ಎಂಬ ಗಣಿತಜ್ಞ, ನಿಮಗೆ ಅನಂತ ಮೊತ್ತದ ಅರ್ಥವೇ ತಿಳಿದಿಲ್ಲ ಎನ್ನುವ ಧಾಟಿಯಲ್ಲಿ ಉತ್ತರಿಸಿದ. ಅಮೆರಿಕದ ವಿಲ್ಲರ್ಡ್ ಗಿಬ್ಸ್ ಇಬ್ಬರ ನಡುವೆ ಬಂದು, ರೇಖಾಚಿತ್ರಗಳು ಯಾವುದರತ್ತ ಸಾಗುತ್ತವೆ ಎನ್ನುವುದು ಬೇರೆ, ಪ್ರತಿ ಬಿಂದುವಿನಲ್ಲಿ ಮೊತ್ತ ಯಾವುದರತ್ತ ಸಾಗುತ್ತದೆ ಎನ್ನುವುದು ಬೇರೆ ಎಂದು ಬಿಡಿಸಿ ಹೇಳಿದ. ವಿಚಿತ್ರವೆಂದರೆ ಗಿಬ್ಸ್‌ನ ಆ ಮೊದಲ ಪತ್ರದಲ್ಲಿ ಗೂನಿನ ಮಾತೇ ಇರಲಿಲ್ಲ. 1899ರ ಏಪ್ರಿಲಿನಲ್ಲಿ ಗಿಬ್ಸ್ ತಿದ್ದುಪಡಿ ಕಳಿಸಿದ: ಲಂಬ ರೇಖೆ ಜಿಗಿತದ ತುದಿಯಲ್ಲಿ ನಿಲ್ಲದೆ ಆಚೆಗೂ ಚಾಚುತ್ತದೆ. ಇಂದು ಆ ಗೂನಿಗೆ ಗಿಬ್ಸ್‌ನದೇ ಹೆಸರು. ವಿಲ್ಬ್ರಹಾಂ ಹೆಸರು ಅಡಿಟಿಪ್ಪಣಿಗಳಲ್ಲಿದೆ.

ಗಿಬ್ಸ್ ಬಿಡಿಸಿದ ಆ ಭೇದದಲ್ಲಿ ಎರಡೂ ಪಕ್ಷಗಳಿಗೆ ನ್ಯಾಯವಿದೆ. ಕ್ಷಣವೊಂದನ್ನು ಗೊತ್ತು ಮಾಡಿಕೊಂಡು ಪದ ಹೆಚ್ಚಿಸುತ್ತಾ ಹೋದರೆ ಗೂನು ಆ ಕ್ಷಣವನ್ನು ದಾಟಿ ಮೂಲೆಯತ್ತ ಹೋಗಿಬಿಡುತ್ತದೆ, ನಮ್ಮ ಬಿಂದು ಸರಿಯಾಗಿ 1ಕ್ಕೆ ಬರುತ್ತದೆ. ಪದಗಳ ಸಂಖ್ಯೆಯನ್ನು ಗೊತ್ತು ಮಾಡಿಕೊಂಡು ಇಡೀ ಚಿತ್ರವನ್ನು ನೋಡಿದರೆ, ಎಲ್ಲೋ ಒಂದು ಕಡೆ 0.179ರ ತಪ್ಪು ಇದ್ದೇ ಇದೆ. ಪ್ರಪಂಚದಲ್ಲಿ ಯಾವ ಉಪಕರಣವೂ ಅನಂತ ಪದಗಳನ್ನು ಕೂಡಿಸುವುದಿಲ್ಲವಾದ್ದರಿಂದ, ಎದುರು ವಾದಿಗಳ ಈ ಅಂಶವನ್ನು ಗಣಿತದ ತಕರಾರೆಂದು ತಳ್ಳಿಹಾಕಲು ಬರುವುದಿಲ್ಲ.

ಪರ ವಾದಿಗಳಿಗೆ ಬೇರೆ ಅಳತೆಗೋಲಿದೆ, ಶಕ್ತಿಯದು. ಚೌಕ ಅಲೆಯ ಒಟ್ಟು ಶಕ್ತಿಯಲ್ಲಿ ಮೊದಲ ಸೈನ್ ಒಂದರದೇ ಶೇಕಡಾ 81. ಮೂರನೆಯದು ಸೇರಿದರೆ 90, ಐದನೆಯದು ಸೇರಿದರೆ 93.3. ಐವತ್ತು ಪದಗಳಾದಾಗ ಹೊರಗುಳಿದದ್ದು ಶೇಕಡಾ 0.4 ಮಾತ್ರ. ಗೂನು ಎತ್ತರದಲ್ಲಿ ಹಟ ಹಿಡಿದರೂ ಅಗಲದಲ್ಲಿ ಸೊರಗುವುದರಿಂದ ಅದರಲ್ಲಿರುವ ಶಕ್ತಿ ಶೂನ್ಯದತ್ತ ಸಾಗುತ್ತದೆ. ಮೋಟರಿನ ಕಾಯಿಲು ಬಿಸಿಯಾಗುವುದು ಶಕ್ತಿಯಿಂದಲೇ ಹೊರತು ಕ್ಷಣಮಾತ್ರದ ನೆತ್ತಿಯಿಂದಲ್ಲ. ಇನ್ವರ್ಟರಿನ ಗುಣ ಅಳೆಯುವ ಟಿಎಚ್‌ಡಿ ಎಂಬ ಸಂಖ್ಯೆಯ ಹಿಂದೆಯೂ ಇದೇ ಲೆಕ್ಕವಿದೆ: ಬೇಡದ ಹಾರ್ಮೋನಿಕ್‌ಗಳೆಲ್ಲ ಒಟ್ಟಾಗಿ ಮೊದಲ ಸೈನಿನ ಎಷ್ಟು ಪಾಲು ಎಂಬುದು. ಪರಿಪೂರ್ಣ ಚೌಕಕ್ಕೆ ಅದು ಶೇಕಡಾ 48.3.

ಇನ್ನೂ ನೇರವಾದ ಸಾಕ್ಷ್ಯವೂ ಇದೆ. 50 ಹರ್ಟ್ಜಿನ ಚೌಕವನ್ನು 150 ಹರ್ಟ್ಜಿಗೆ ಮಾತ್ರ ದಾರಿ ಬಿಡುವ ಫಿಲ್ಟರಿಗೆ ಊಡಿದರೆ, ಆಚೆ ಕಡೆಯಿಂದ ಶುದ್ಧವಾದ 150 ಹರ್ಟ್ಜಿನ ಸೈನ್ ಬರುತ್ತದೆ, ಎತ್ತರ ಸೂತ್ರ ಹೇಳಿದಷ್ಟೇ. ಫಿಲ್ಟರನ್ನು 100 ಹರ್ಟ್ಜಿಗೆ ತಿರುಗಿಸಿದರೆ ಏನೂ ಬರುವುದಿಲ್ಲ. ಕಿವಿಯಲ್ಲೂ ಪರೀಕ್ಷಿಸಬಹುದು: 7,000 ಹರ್ಟ್ಜಿನ ಚೌಕವನ್ನೂ, ಅದರ ಮೊದಲ ಹಾರ್ಮೋನಿಕ್‌ಗೆ ಎತ್ತರ ಸರಿಹೊಂದಿಸಿದ ಸೈನನ್ನೂ ಒಳ್ಳೆಯ ಸ್ಪೀಕರಿನಲ್ಲಿ ನುಡಿಸಿದರೆ ಎರಡೂ ಒಂದೇ ತೆರನಾಗಿ ಕೇಳುತ್ತವೆ, ಏಕೆಂದರೆ ಚೌಕದ ಮುಂದಿನ ಪದ 21,000 ಹರ್ಟ್ಜಿನಲ್ಲಿ, ಮನುಷ್ಯನ ಶ್ರವಣದ ಗಡಿಯಾಚೆ ಇದೆ. ಸ್ವಿಚ್ಚು 150 ಹರ್ಟ್ಜನ್ನು ‘ತಯಾರಿಸಲಿಲ್ಲ’ ಎಂದು ವಾದಿಸುವವರು ಇದಕ್ಕೊಂದು ಉತ್ತರ ಕೊಡಬಲ್ಲರು: ಫಿಲ್ಟರು ಸ್ವತಃ ಸೈನ್ ಲಯದಲ್ಲಿ ತೂಗುವ ವಸ್ತು, ಚೌಕದ ಪ್ರತಿ ತಳ್ಳಿಗೆ ಅದು ತನ್ನ ಲಯದಲ್ಲಿ ತೂಗಿತು ಅಷ್ಟೆ, ಸೈನ್ ಬಂದದ್ದು ಫಿಲ್ಟರಿನಿಂದ. ಈ ಮಾತನ್ನು ಸುಳ್ಳು ಎನ್ನಲಾಗದು. ಆದರೆ ಎತ್ತರವನ್ನು ಮುಂಚಿತವಾಗಿ ಹೇಳಲು ಅವರೂ ಕೊನೆಗೆ ಫೂರಿಯೆಯ ಲೆಕ್ಕವನ್ನೇ ಮಾಡಬೇಕಾಗುತ್ತದೆ.

ಗೂನನ್ನು ಅಳಿಸುವ ಉಪಾಯವೂ ಉಂಟು. ಹಂಗೇರಿಯ ಫೇಯೆರ್ ಇಪ್ಪತ್ತರ ಹರೆಯದಲ್ಲಿ, 1900ರಲ್ಲಿ, ತೋರಿಸಿದ ದಾರಿ ಅದು: ಕಡೆಯ ಮೊತ್ತವೊಂದನ್ನೇ ನೆಚ್ಚದೆ, ಮೊದಲಿನಿಂದ ಬಂದ ಎಲ್ಲ ಮೊತ್ತಗಳ ಸರಾಸರಿ ತೆಗೆ. ಆಗ ಪ್ರತಿ ಪದವೂ ಒಂದಿಷ್ಟು ತಗ್ಗುತ್ತದೆ, ಆವರ್ತನ ಹೆಚ್ಚಿದಷ್ಟೂ ಹೆಚ್ಚು ತಗ್ಗುತ್ತದೆ. ನಮ್ಮ ಮೂರು ಪದಗಳಿಗೆ ಹಚ್ಚಿದರೆ ಮೊದಲನೆಯದು ಆರರಲ್ಲಿ ಐದು ಪಾಲು, ಮೂರನೆಯದು ಅರ್ಧ, ಐದನೆಯದು ಆರರಲ್ಲಿ ಒಂದು ಪಾಲು ಉಳಿಯುತ್ತವೆ. 30 ಡಿಗ್ರಿಯಲ್ಲಿ ಮತ್ತೆ ಕೂಡಿಸಿ ನೋಡಿ: 0.417, 0.167, 0.017; ಒಟ್ಟು 0.6, ಅದನ್ನು 4/π ಯಿಂದ ಗುಣಿಸಿದರೆ 0.764. ಗೂನು ಮಾಯ. ಈ ಸರಾಸರಿ ಎಷ್ಟು ಪದಗಳಿಗೂ 1ನ್ನು ದಾಟುವುದಿಲ್ಲ. ಆದರೆ 1.188 ಇದ್ದದ್ದು 0.764 ಆಯಿತು, ಮೇಲಕ್ಕಿದ್ದ 0.19ರ ತಪ್ಪು ಕೆಳಕ್ಕೆ 0.24 ಆಯಿತು. ಏರು ಮಂದವಾಯಿತು, ಮೂಲೆ ಉರುಟಾಯಿತು.

ಇದರ ಬೆಲೆಯನ್ನು ಶಕ್ತಿಯ ಲೆಕ್ಕದಲ್ಲೂ ಕಾಣಬಹುದು. ಮೂರು ಪದಗಳ ನೇರ ಮೊತ್ತದಲ್ಲಿ ತಪ್ಪಿನ ಶಕ್ತಿ ಶೇಕಡಾ 6.7. ಫೇಯೆರನ ಸರಾಸರಿಯಲ್ಲಿ ಅದು 13.4. ಹತ್ತಿರಹತ್ತಿರ ಸರಿಯಾಗಿ ಎರಡು ಪಟ್ಟು, ಮತ್ತು ಇದು ಮೂರಕ್ಕೆ ಮಾತ್ರ ಆದ ಆಕಸ್ಮಿಕವಲ್ಲ. ಪದಗಳನ್ನು ಎಷ್ಟಕ್ಕೇ ಏರಿಸಿದರೂ ಚೌಕಕ್ಕೆ ಈ ದುಪ್ಪಟ್ಟು ತಪ್ಪುವುದಿಲ್ಲ. ಫೂರಿಯೆಯ ಸಹಗುಣಕಗಳು ತಪ್ಪಿನ ಶಕ್ತಿಯನ್ನು ಕನಿಷ್ಠ ಮಾಡುವಂಥವು, ಆದ್ದರಿಂದ ಅವನ್ನು ಯಾವ ಕಡೆ ಅಲುಗಿಸಿದರೂ ಶಕ್ತಿಯ ದೃಷ್ಟಿಯಲ್ಲಿ ನಷ್ಟವೇ. ನೆತ್ತಿ ಮುಖ್ಯವಾದ ಕಡೆ ಸರಾಸರಿ ತೆಗೆಯುವುದು, ಶಕ್ತಿ ಮುಖ್ಯವಾದ ಕಡೆ ಮುಟ್ಟದಿರುವುದು: ನಾನು ಒಪ್ಪುವುದು ಇದನ್ನೇ, ಮತ್ತು ಯಾವುದು ಮುಖ್ಯ ಎನ್ನುವುದನ್ನು ಗಣಿತ ತೀರ್ಮಾನಿಸುವುದಿಲ್ಲ.

ಎದುರು ಪಕ್ಷದ ಕೊನೆಯ ಅಸ್ತ್ರ ತುಸು ಹರಿತವಾದದ್ದು. ಚೌಕವನ್ನು ನಯವಾದ ಅಲೆಗಳಿಂದ ಕಟ್ಟುವ ಹಟವೇ ಯಾಕೆ? 1923ರಲ್ಲಿ ಜೋಸೆಫ್ ವಾಲ್ಷ್, ಧನ 1 ಮತ್ತು ಋಣ 1ರ ನಡುವೆ ಹಾರುವ ಫಲನಗಳ ಪೂರ್ಣ ಸರಣಿಯೊಂದನ್ನು ಕೊಟ್ಟ. ಆ ಸರಣಿಯಲ್ಲಿ ನಮ್ಮ ಚೌಕ ಒಂದೇ ಪದ. ಗೂನಿಲ್ಲ, ಅನಂತವಿಲ್ಲ. ಇದು ಬರಿಯ ಕುತೂಹಲವೂ ಅಲ್ಲ. ಒಂದು ಕಾಲದಲ್ಲಿ ನಮ್ಮಲ್ಲಿಯೂ ಓಡಾಡಿದ ಸಿಡಿಎಂಎ ಮೊಬೈಲುಗಳಲ್ಲಿ ಒಂದೇ ಆವರ್ತನದ ಮೇಲೆ ಹಲವರ ಮಾತನ್ನು ಬೇರ್ಪಡಿಸುತ್ತಿದ್ದದ್ದು 64 ವಾಲ್ಷ್ ಸಂಕೇತಗಳೇ. ಈ ಕಣ್ಣಿನಿಂದ ನೋಡಿದರೆ ಚೌಕವೇ ಸರಳ. ಅನಂತ ತುಂಡುಗಳಾಗಿ ಒಡೆಯಬೇಕಾದದ್ದು ಸೈನ್.

ಹಾಗಿದ್ದೂ ವಾಲ್ಷ್ ಸೈನಿನ ಜಾಗ ಹಿಡಿಯಲಿಲ್ಲ. ಕಾರಣ ಚೌಕದಲ್ಲಿಲ್ಲ, ಚೌಕ ಹಾದುಹೋಗುವ ಸರ್ಕ್ಯೂಟಿನಲ್ಲಿದೆ. ಒಂದು ರೆಸಿಸ್ಟರು, ಒಂದು ಕೆಪಾಸಿಟರು ಸೇರಿಸಿ 50 ಹರ್ಟ್ಜಿಗೆ ಕಡಿತದ ಗಡಿ ಇರುವ ಫಿಲ್ಟರು ಮಾಡಿ, ನಮ್ಮ ಚೌಕವನ್ನು ಒಳಗೆ ಬಿಡಿ. ಆಚೆ ಬರುವುದು ಶಾರ್ಕಿನ ರೆಕ್ಕೆಯಂಥ ಆಕಾರ. ವಾಲ್ಷ್ ಸರಣಿಯಲ್ಲಿ ಒಂದೇ ಪದವಾಗಿದ್ದದ್ದು ಹಲವಾರು ಪದಗಳ ಕಲಸುಮೇಲೋಗರವಾಗಿರುತ್ತದೆ. ಸೈನ್‌ಗಳಿಗೆ ಹಾಗಾಗುವುದಿಲ್ಲ. 50 ಹರ್ಟ್ಜಿನದು 50ರದಾಗಿಯೇ ಹೊರಬರುತ್ತದೆ, ಎತ್ತರ ಶೇಕಡಾ 71ಕ್ಕೆ ಇಳಿದಿರುತ್ತದೆ. 150ರದು ಶೇಕಡಾ 32ಕ್ಕೆ, 250ರದು ಶೇಕಡಾ 20ಕ್ಕೆ. ಪ್ರತಿಯೊಂದೂ ಇಷ್ಟಿಷ್ಟು ತಡವಾಗುತ್ತದೆ, ಅಷ್ಟೆ. ಒಂದಕ್ಕೊಂದು ಬೆರೆಯುವುದಿಲ್ಲ. ಅಲೆಯನ್ನು ತುಸು ಮುಂದೆ ಸರಿಸಿದರೂ ಸೈನ್‌ಗಳ ಎತ್ತರ ಬದಲಾಗುವುದಿಲ್ಲ, ವಾಲ್ಷ್ ಪದಗಳಾದರೆ ಪಟ್ಟಿಯೇ ಬದಲಾಗುತ್ತದೆ. ಸೈನ್‌ಗಳು ಚೌಕದೊಳಗೆ ಮೊದಲೇ ಕೂತಿದ್ದವೆಂದು ಹೇಳಲು ನನಗೆ ಧೈರ್ಯ ಸಾಲದು. ಕಾಲಕಾಲಕ್ಕೆ ಗುಣ ಬದಲಿಸದ, ಇಮ್ಮಡಿ ಕೊಟ್ಟರೆ ಇಮ್ಮಡಿ ಹಿಂದಿರುಗಿಸುವ ಸರ್ಕ್ಯೂಟುಗಳು ಅಲೆಯನ್ನು ಹಾಗೆ ಬಿಡಿಸಿಯೇ ನಡೆಸಿಕೊಳ್ಳುತ್ತವೆ ಎನ್ನುವಷ್ಟರ ಮಟ್ಟಿಗೆ ಫೂರಿಯೆಯ ಪಕ್ಷ ಗೆದ್ದಿದೆ.

ಇದೇ ಫಿಲ್ಟರು ಇನ್ನೊಂದನ್ನೂ ತೋರಿಸುತ್ತದೆ. ಹೊರಬಂದ ಅಲೆಯ ಮೇಲಿನ ಹಾರ್ಮೋನಿಕ್‌ಗಳು ಆವರ್ತನದ ವರ್ಗಕ್ಕೆ ತಕ್ಕಂತೆ ಕುಗ್ಗಿರುತ್ತವೆ, ಜಿಗಿತ ಉಳಿದಿರುವುದಿಲ್ಲ, ಆದ್ದರಿಂದ ಗೂನೂ ಇಲ್ಲ. ಗೂನು ಬರುವುದು ಒಂದು ಗಡಿಯವರೆಗೆ ಎಲ್ಲವನ್ನೂ ಪೂರ್ತಿ ಇಟ್ಟುಕೊಂಡು ಅಲ್ಲಿಂದಾಚೆಗೆ ಕತ್ತಿಯಿಂದ ಕಡಿದಂತೆ ಬಿಟ್ಟಾಗ. ಎಂಆರ್‌ಐ ಯಂತ್ರ ಮಾಡುವುದು ಹೀಗೆಯೇ: ಚಿತ್ರವನ್ನು ಆವರ್ತನಗಳ ರೂಪದಲ್ಲಿ ಅಳೆದು, ಒಂದು ಮಿತಿಗೆ ನಿಲ್ಲಿಸಿ, ಅಳೆದಷ್ಟನ್ನು ಕೂಡಿಸಿ ಚಿತ್ರ ಬರೆಯುತ್ತದೆ. ಕತ್ತಿನ ಬೆನ್ನುಹುರಿಯ ಅಂಚಿನಲ್ಲಿ ಹೊಳಪು ಥಟ್ಟನೆ ಬದಲಾಗುವುದರಿಂದ ಗಿಬ್ಸ್ ಗೆರೆಗಳು ಹುರಿಯೊಳಗೆ ಬಿದ್ದು, ಅಲ್ಲಿ ದ್ರವ ತುಂಬಿದ ಕುಳಿ ಇದ್ದಂತೆ ತೋರಿಸಬಲ್ಲವು. ಇದನ್ನು ಪತ್ತೆಹಚ್ಚುವ ದಾರಿ ಗೂನಿನ ಸ್ವಭಾವದಲ್ಲೇ ಇದೆ: ಪದಗಳ ಸಂಖ್ಯೆ ಹೆಚ್ಚಿಸಿ, ಅಂದರೆ ಹೆಚ್ಚು ಸೂಕ್ಷ್ಮವಾಗಿ ಅಳೆದು, ಮತ್ತೆ ಚಿತ್ರ ತೆಗೆದರೆ ಗಿಬ್ಸ್ ಗೆರೆ ಅಂಚಿನ ಹತ್ತಿರಕ್ಕೆ ಸರಿಯುತ್ತದೆ. ನಿಜವಾದ ಕುಳಿ ಇದ್ದಲ್ಲೇ ಇರುತ್ತದೆ.

ಆಸಿಲೋಸ್ಕೋಪಿನಲ್ಲಿ ಚೌಕ ನೋಡುವವರಿಗೆ ಇನ್ನೂ ಸುಲಭವಾದ ಗುರುತಿದೆ. ನಿಜವಾದ ಸರ್ಕ್ಯೂಟಿಗೆ ಮುಂದೆ ಏರು ಬರಲಿದೆ ಎಂದು ಮೊದಲೇ ತಿಳಿಯುವುದಿಲ್ಲ, ಹಾಗಾಗಿ ಅದು ನಡುಗಿದರೆ ಏರಿನ ನಂತರವೇ ನಡುಗಬೇಕು. ಮೊತ್ತದ ಗೂನುಗಳಾದರೋ ಏರಿನ ಹಿಂದೆಯೂ ಮುಂದೆಯೂ ಸಮನಾಗಿ ಇರುತ್ತವೆ. ತೆರೆಯ ಮೇಲೆ ಏರಿಗೆ ಮುಂಚೆಯೇ ಅಲೆಅಲೆ ಕಂಡರೆ, ಸ್ಕೋಪಿನ ಡಿಸ್‌ಪ್ಲೇ ಮೆನುವಿನಲ್ಲಿ ಬಿಂದುಗಳನ್ನು ಸೇರಿಸುವ ವಿಧಾನವನ್ನು sin(x)/x ನಿಂದ ನೇರ ಗೆರೆಗೆ ಬದಲಿಸಿ ನೋಡಬೇಕು. ಅಲೆ ಮಾಯವಾದರೆ ಅದು ಸ್ಕೋಪಿನ ಲೆಕ್ಕದಲ್ಲಿತ್ತು, ತಂತಿಯಲ್ಲಿರಲಿಲ್ಲ. ಏರಿನ ನಂತರ ಮಾತ್ರ ನಡುಕ ಉಳಿದರೆ ಮೊದಲು ನೋಡಬೇಕಾದದ್ದು ಪ್ರೋಬಿನ ಉದ್ದನೆಯ ಗ್ರೌಂಡ್ ತಂತಿಯನ್ನು.